ಸಣ್ಣ ಸಾರ್ಟರೋ, ದೊಡ್ಡದೋ: ಮೂರು ಅಳತೆ ಒಂದು ಕಡೆ, ಎನ್‌ಪಿವಿ ಇನ್ನೊಂದು ಕಡೆ

ಒಂದು ಅಕ್ಕಿ ಗಿರಣಿಗೆ ಬಣ್ಣಗೆಟ್ಟ ಕಾಳು ಬೇರ್ಪಡಿಸುವ ಕಲರ್ ಸಾರ್ಟರ್ ಬೇಕು, ಜಾಗ ಇರುವುದು ಒಂದಕ್ಕೇ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳೋಣ: ಸಣ್ಣ ಯಂತ್ರಕ್ಕೆ 10 ಲಕ್ಷ ಹಾಕಿದರೆ ವರ್ಷಕ್ಕೆ 3.5 ಲಕ್ಷ ಕೈಗೆ ಬರುತ್ತದೆ. ದೊಡ್ಡದಕ್ಕೆ 25 ಲಕ್ಷ ಹಾಕಿದರೆ ವರ್ಷಕ್ಕೆ 8 ಲಕ್ಷ. ಎರಡರ ಆಯುಷ್ಯವೂ 5 ವರ್ಷ, ಬಂಡವಾಳದ ವೆಚ್ಚ, ಅಂದರೆ ಹಾಕಿದ ಹಣದ ಮೇಲಿನ ಬಡ್ಡಿ, ಶೇ. 12.

ಪೇಬ್ಯಾಕ್ ಪ್ರಕಾರ ಸಣ್ಣದರ ಅಸಲು 2.86 ವರ್ಷಕ್ಕೆ ವಾಪಸ್, ದೊಡ್ಡದರದ್ದು 3.13ಕ್ಕೆ. ‘ಮೂರು ವರ್ಷದೊಳಗೆ ಬರಬೇಕು’ ಎಂಬ ನಿಯಮವಿದ್ದರೆ ದೊಡ್ಡದು ಅಲ್ಲೇ ಬಿದ್ದುಹೋಗುತ್ತದೆ. ಆದರೆ ಸಣ್ಣ ಯಂತ್ರ ಮೂರೇ ವರ್ಷಕ್ಕೆ ಕೆಟ್ಟು ಮೂಲೆ ಸೇರಿತು ಎಂದುಕೊಳ್ಳಿ. ಪೇಬ್ಯಾಕ್ ಆಗಲೂ 2.86 ಎಂದೇ ತೋರಿಸುತ್ತದೆ, ಎನ್‌ಪಿವಿ, ಅಂದರೆ ಮುಂದೆ ಬರುವ ಹಣದ ಇಂದಿನ ಬೆಲೆಯಲ್ಲಿ ಹೂಡಿಕೆ ಕಳೆದು ಉಳಿಯುವುದು, ಮಾತ್ರ 1.59 ಲಕ್ಷ ನಷ್ಟಕ್ಕೆ ಇಳಿದಿರುತ್ತದೆ.

ಡಿಸ್ಕೌಂಟೆಡ್ ಪೇಬ್ಯಾಕ್ ಈ ನಷ್ಟವನ್ನು ಹಿಡಿಯುತ್ತದೆ, ಏಕೆಂದರೆ ಬಡ್ಡಿ ಕಳೆದ ಮೇಲೆ ಮೂರು ವರ್ಷದಲ್ಲಿ ಬರುವುದು 8.41 ಲಕ್ಷ ಮಾತ್ರ. ಐದೂ ವರ್ಷ ಓಡಿದರೆ ಸಣ್ಣದಕ್ಕೆ 3.72 ವರ್ಷ, ದೊಡ್ಡದಕ್ಕೆ 4.15 ವರ್ಷ. ಇದರ ಕುರುಡು ಬೇರೆ ಕಡೆ ಇದೆ. ಅಸಲು ಬಡ್ಡಿ ಎರಡೂ ಬಂದ ಗಳಿಗೆಯ ನಂತರ ಬರುವುದೆಲ್ಲ ನಿಜವಾದ ಲಾಭ, ಇದು ಅಲ್ಲಿಗೇ ಎಣಿಕೆ ನಿಲ್ಲಿಸುತ್ತದೆ.

ಪ್ರಾಫಿಟೆಬಿಲಿಟಿ ಇಂಡೆಕ್ಸ್ ಐದು ವರ್ಷವನ್ನೂ ಎಣಿಸುತ್ತದೆ, ಬರುವ ಹಣದ ಇಂದಿನ ಬೆಲೆಯನ್ನು ಹೂಡಿಕೆಯಿಂದ ಭಾಗಿಸುತ್ತದೆ. ಸಣ್ಣದಕ್ಕೆ 12.62 ಭಾಗಿಸು 10, ಅಂದರೆ 1.26. ದೊಡ್ಡದಕ್ಕೆ 28.84 ಭಾಗಿಸು 25, ಅಂದರೆ 1.15. ಇಲ್ಲೂ ಸಣ್ಣದೇ ಮುಂದೆ. ಎನ್‌ಪಿವಿಯಲ್ಲಿ ಮಾತ್ರ ಸಣ್ಣದಕ್ಕೆ 2.62 ಲಕ್ಷ, ದೊಡ್ಡದಕ್ಕೆ 3.84 ಲಕ್ಷ.

ಯಾವುದನ್ನು ನಂಬುವುದು? ವ್ಯತ್ಯಾಸವನ್ನೇ ಒಂದು ಯೋಜನೆ ಎಂದು ನೋಡಿ. ಹೆಚ್ಚುವರಿ 15 ಲಕ್ಷಕ್ಕೆ ವರ್ಷಕ್ಕೆ 4.5 ಲಕ್ಷ ಹೆಚ್ಚು ಬರುತ್ತದೆ. ಶೇ. 12ರಲ್ಲಿ ಅದರ ಇಂದಿನ ಬೆಲೆ 16.22 ಲಕ್ಷ. ಆ 15 ಲಕ್ಷ ತನ್ನ ಬಡ್ಡಿ ದುಡಿದು ಮೇಲೆ 1.22 ಲಕ್ಷ ಕೊಡುವಾಗ ಅದನ್ನು ಬಿಡಲು ಕಾರಣವಿಲ್ಲ. ಇಂಡೆಕ್ಸ್ ರೂಪಾಯಿಗೆ ಎಷ್ಟು ಎಂದು ಹೇಳುತ್ತದೆ, ಒಟ್ಟು ಎಷ್ಟು ಎಂದಲ್ಲ. ಎರಡರಲ್ಲಿ ಒಂದನ್ನೇ ಆರಿಸುವಾಗ ನನ್ನ ಮತ ಎನ್‌ಪಿವಿಗೆ.

ಕೈಯಲ್ಲಿ 25 ಲಕ್ಷಕ್ಕಿಂತ ಹೆಚ್ಚು ಇಲ್ಲ, ಸಾಲವೂ ಸಿಗದು ಎಂದಾಗ ಮಾತು ಬೇರೆ. ಉಳಿದ 15 ಲಕ್ಷಕ್ಕೆ 1.8 ಲಕ್ಷ ಎನ್‌ಪಿವಿ ಕೊಡುವ ಡ್ರೈಯರ್ ಸಿಕ್ಕರೆ, ಸಣ್ಣ ಸಾರ್ಟರ್ ಜೊತೆ ಸೇರಿ 4.42 ಲಕ್ಷ ಆಗುತ್ತದೆ, ದೊಡ್ಡದನ್ನು ಮೀರಿಸುತ್ತದೆ. ಇಂಡೆಕ್ಸ್‌ಗೆ ಬೆಲೆ ಇರುವುದು ಇಲ್ಲೇ. ಡ್ರೈಯರ್‌ಗೆ 18 ಲಕ್ಷ ಬೇಕಾದರೆ ಜೋಡಿ ಕೂಡುವುದಿಲ್ಲ, ಮತ್ತೆ ದೊಡ್ಡ ಯಂತ್ರವೇ ಸರಿ.

ಎಕ್ಸೆಲ್‌ನಲ್ಲಿ ಇಷ್ಟು ಗಮನಿಸಿ: `NPV` ಮೊದಲ ಮೊತ್ತವನ್ನೂ ಒಂದು ವರ್ಷ ಹಿಂದಕ್ಕೆ ತರುತ್ತದೆ. ಐದು ವರ್ಷದ ಆದಾಯವನ್ನು C2ರಿಂದ G2ವರೆಗೆ, ಹೂಡಿಕೆಯನ್ನು ಮೈನಸ್ ಆಗಿ B2ನಲ್ಲಿ ಇಟ್ಟು, ಹೂಡಿಕೆಯನ್ನು ಹೊರಗೆ ಕೂಡಿಸಬೇಕು:

```
=NPV(12%,C2:G2)+B2
```

ಒಳಗೇ ಸೇರಿಸಿದರೆ ದೊಡ್ಡ ಯಂತ್ರದ 3.84 ಲಕ್ಷ 3.43 ಆಗಿ ಕಾಣುತ್ತದೆ.