ಹಾಲ್ ಫೋಟೊದಲ್ಲಿ ಸೋಫಾ ಕೂರಿಸಲು ಗಿಂಪ್: ಹಲವು ವರ್ಷ ಬಳಸಿದ ಮೇಲೆ ಬರೆದ ವಿಮರ್ಶೆ

ಮೈಸೂರು ರಸ್ತೆ ಕಡೆ ನಮ್ಮದೊಂದು ಸಣ್ಣ ಫರ್ನಿಚರ್ ವರ್ಕ್‌ಶಾಪ್. ಆರ್ಡರ್ ಕೊಡುವ ಮುಂಚೆ ಗಿರಾಕಿಗಳು ತಮ್ಮ ಹಾಲ್ ಫೋಟೊ ಕಳಿಸಿ, "ಈ ಸೋಫಾ ಇಲ್ಲಿ ಹೇಗೆ ಕಾಣುತ್ತೆ, ಸ್ವಲ್ಪ ತೋರಿಸ್ತೀರಾ?" ಅಂತ ಕೇಳುತ್ತಾರೆ. ಆ ಕೆಲಸಕ್ಕೆ ನಾನು ಬಳಸುವುದು ಗಿಂಪ್ ಅನ್ನುವ ಫೋಟೊ ಎಡಿಟಿಂಗ್ ಸಾಫ್ಟ್‌ವೇರ್. 2.10 ಆವೃತ್ತಿ ಇದ್ದಾಗಿನಿಂದ ಬಳಸುತ್ತಿದ್ದೇನೆ, ಈಗ 2025ರಲ್ಲಿ ಬಂದ 3.0ಕ್ಕೆ ಬದಲಾಗಿದ್ದೇನೆ. ದುಡ್ಡು ಕೊಡಬೇಕಿಲ್ಲ, ವರ್ಕ್‌ಶಾಪಿನ ಹಳೆಯ ಕಂಪ್ಯೂಟರ್‌ನಲ್ಲೂ ಓಡುತ್ತದೆ. ಆದರೆ ಸೋಫಾ ಎಷ್ಟು ದೊಡ್ಡದಾಗಿ ಕಾಣಬೇಕು ಅನ್ನುವುದನ್ನು ಇದು ತಾನಾಗಿ ಹೇಳುವುದಿಲ್ಲ. ಆ ಲೆಕ್ಕ ನಾವೇ ಹಾಕಬೇಕು. ಲೆಕ್ಕ ಗೊತ್ತಿದ್ದರೆ ಬೇಕಾದ ಉಪಕರಣಗಳೆಲ್ಲ ಇದರಲ್ಲೇ ಇವೆ.

ಬನಶಂಕರಿಯ ಒಂದು ಫ್ಲ್ಯಾಟ್‌ನ ಹಾಲ್ ಉದಾಹರಣೆ ತಗೊಳ್ಳೋಣ. ಫೋಟೊ 4000 ಪಿಕ್ಸೆಲ್ ಅಗಲ, 3000 ಎತ್ತರ. ನೆಲಕ್ಕೆ ಎರಡಡಿ ಟೈಲ್ಸ್, ಅಂದರೆ 60 ಸೆಂಟಿಮೀಟರ್‌ದು. ಎದುರು ಗೋಡೆಯಲ್ಲಿ ಒಂದು ಬಾಗಿಲು, ಎತ್ತರ 210 ಸೆಂ.ಮೀ. ಅಂತ ಅವರೇ ಟೇಪ್ ಹಿಡಿದು ಹೇಳಿದರು. ಕೂರಿಸಬೇಕಾದ್ದು ಮೂರು ಸೀಟಿನ ಸೋಫಾ: ಅಗಲ 210, ಆಳ 90, ಬೆನ್ನಿನ ಎತ್ತರ 84 ಸೆಂ.ಮೀ.

ಮೊದಲು ನೋಡಬೇಕಾದ್ದು ಬಾಗಿಲಿನ ಚೌಕಟ್ಟು ನೆಟ್ಟಗಿದೆಯಾ ಅನ್ನುವುದು. ಫೋನ್ ಕೆಳಗೆ ಬಾಗಿಸಿ ತೆಗೆದಿದ್ದರೆ ಎರಡೂ ಬದಿಯ ಗೆರೆಗಳು ಕೆಳಗೆ ಹೋಗುತ್ತಾ ಹತ್ತಿರವಾಗುತ್ತವೆ. ಹಾಗಿದ್ದರೆ Shift+P ಒತ್ತಿ, Perspective ಉಪಕರಣದ ದಿಕ್ಕನ್ನು Corrective (Backward) ಮಾಡಿ, ಮೂಲೆಗಳನ್ನು ಚೌಕಟ್ಟಿನ ಗೆರೆಗಳಿಗೆ ಹೊಂದಿಸಿ ನೆಟ್ಟಗೆ ಮಾಡಿಕೊಳ್ಳಬೇಕು. ಉಳಿದ ಅಳತೆಗಳೆಲ್ಲ ಇದಾದ ಮೇಲೇನೇ. ಬನಶಂಕರಿಯ ಫೋಟೊ ನೆಟ್ಟಗೇ ಇತ್ತು.

ಆಮೇಲೆ ಕ್ಷಿತಿಜ ರೇಖೆ ಹುಡುಕಬೇಕು. ಕ್ಯಾಮೆರಾದಿಂದ ಗೋಡೆ ಕಡೆಗೆ ಹೋಗುವ ಟೈಲ್ ಗೆರೆಗಳ ಮೇಲೆ, ಹೊಸ ಲೇಯರ್‌ನಲ್ಲಿ, ಉದ್ದ ಗೆರೆ ಎಳೆಯುತ್ತೇನೆ. ಪೆನ್ಸಿಲ್‌ನಿಂದ ಒಂದು ಕಡೆ ಕ್ಲಿಕ್ ಮಾಡಿ, Shift ಹಿಡಿದು ಇನ್ನೊಂದು ಕಡೆ ಕ್ಲಿಕ್ ಮಾಡಿದರೆ ನೇರ ಗೆರೆ ಬರುತ್ತದೆ. ಗೆರೆಗಳೆಲ್ಲ ಒಂದು ಬಿಂದುವಿನಲ್ಲಿ ಸೇರುತ್ತವೆ, ಇಲ್ಲಿ ಮೇಲಿನಿಂದ 1500ನೇ ಪಿಕ್ಸೆಲ್‌ನಲ್ಲಿ ಸೇರಿದವು. ಆ ಎತ್ತರದಲ್ಲಿ ಗುರುತಿಗೆ ಒಂದು ಅಡ್ಡ ಗೆರೆ, ಅಂದರೆ ಗೈಡ್, ಎಳೆದೆ.

ಈ ಗೈಡ್ ಎಲ್ಲಿ ಹಾದುಹೋದರೂ ಅದು ಕ್ಯಾಮೆರಾ ಇದ್ದ ಎತ್ತರವನ್ನೇ ತೋರಿಸುತ್ತದೆ. ಹತ್ತಿರದ ಕುರ್ಚಿಯಾಗಲಿ, ದೂರದ ಬಾಗಿಲಾಗಲಿ, ನೆಲದಿಂದ ಗೈಡ್‌ವರೆಗಿನ ಎತ್ತರ ನಿಜದಲ್ಲಿ ಒಂದೇ. ಎಷ್ಟು ಅಂತ ಬಾಗಿಲು ಹೇಳಿತು. Shift+M ಒತ್ತಿ, Ctrl ಹಿಡಿದು ನೇರ ಅಳೆದೆ. ಬಾಗಿಲ ಬುಡ 2100ರಲ್ಲಿ, ತಲೆ 1050ರಲ್ಲಿ. ಅಂದರೆ 210 ಸೆಂ.ಮೀ.ಗೆ 1050 ಪಿಕ್ಸೆಲ್, ಒಂದು ಸೆಂ.ಮೀ.ಗೆ 5. ಬುಡದಿಂದ ಗೈಡ್‌ಗೆ 600 ಪಿಕ್ಸೆಲ್. ಹಾಗಾಗಿ ಕ್ಯಾಮೆರಾ 120 ಸೆಂ.ಮೀ. ಎತ್ತರದಲ್ಲಿತ್ತು.

ಈಗ ಸೋಫಾ. ಅದರ ಮುಂದಿನ ಕಾಲುಗಳು ನೆಲ ಮುಟ್ಟುವ ಜಾಗ 2220ರಲ್ಲಿ ಬರಬೇಕಿತ್ತು. ಅಲ್ಲಿಂದ ಗೈಡ್‌ಗೆ 720 ಪಿಕ್ಸೆಲ್, ಅದೂ 120 ಸೆಂ.ಮೀ.ಯೇ. ಒಂದು ಸೆಂ.ಮೀ.ಗೆ 6 ಆಯಿತು. ಸೋಫಾದ ಮುಂಭಾಗ 210ಕ್ಕೆ 1260 ಪಿಕ್ಸೆಲ್ ಅಗಲ ಇರಬೇಕು. ಟೈಲ್ ಇಲ್ಲೇ ಸಾಕ್ಷಿ ಹೇಳುತ್ತದೆ: ಆ ಸಾಲಿನಲ್ಲಿ ಒಂದು ಟೈಲ್ 360 ಪಿಕ್ಸೆಲ್ ಇತ್ತು, ಸೋಫಾ ಮೂರೂವರೆ ಟೈಲ್ ಹಿಡಿಯುತ್ತದೆ, ಲೆಕ್ಕ ತಾಳೆಯಾಯಿತು. ತಾಳೆಯಾಗದಿದ್ದರೆ ಚೌಕಟ್ಟು ನೆಟ್ಟಗೆ ಮಾಡುವಾಗ ಫೋಟೊ ಉದ್ದಕ್ಕೋ ಅಡ್ಡಕ್ಕೋ ಎಳೆದುಕೊಂಡಿರಬಹುದು. Scale Image ತೆರೆದು, ಸರಪಳಿ ಗುರುತು ಬಿಡಿಸಿ, ಎತ್ತರ ಮಾತ್ರ ಸರಿಮಾಡಬೇಕು.

ಇಷ್ಟಾದ ಮೇಲೆ ಗಿರಾಕಿ "ಸ್ವಲ್ಪ ಮುಂದೆ ತನ್ನಿ" ಅನ್ನುತ್ತಾರೆ. ಲೇಯರ್ ಎಳೆದು ಕೆಳಗಿಟ್ಟರೆ ಸಾಲದು. ಬುಡ 2220ರಿಂದ 2300ಕ್ಕೆ ಬಂದರೆ ಗೈಡ್‌ನಿಂದ ದೂರ 720 ಇದ್ದದ್ದು 800 ಆಗುತ್ತದೆ. ಸೋಫಾವನ್ನೂ ಅದೇ ಪ್ರಮಾಣದಲ್ಲಿ, ಅಂದರೆ ಸುಮಾರು 111 ಶೇಕಡಾಕ್ಕೆ ಹಿಗ್ಗಿಸಬೇಕು. ಹೀಗೆ ಮಾಡದ ಫೋಟೊಗಳಲ್ಲಿ ಸೋಫಾ ಮಕ್ಕಳ ಸೋಫಾದ ಹಾಗೆ ಕಾಣುತ್ತದೆ. ಎಲ್ಲಿ ತಪ್ಪಿದೆ ಅಂತ ಗಿರಾಕಿಗೆ ಹೇಳಲು ಬರುವುದಿಲ್ಲ, ಆದರೆ ನಂಬಿಕೆ ಬರುವುದಿಲ್ಲ. ಪ್ರತಿ ಸಲ ಹಿಗ್ಗಿಸಿದಾಗಲೂ ಚಿತ್ರ ಸ್ವಲ್ಪ ಮಸುಕಾಗುತ್ತದೆ. ಅದಕ್ಕೇ ಮೂಲ ಲೇಯರ್‌ನ ನಕಲು ಇಟ್ಟುಕೊಂಡು ಪ್ರತಿ ಸಲ ಅದರಿಂದಲೇ ಶುರು ಮಾಡುತ್ತೇನೆ.

ಅಳತೆ ಸರಿಯಾದರೂ ಸೋಫಾ ಅಂಟಿಸಿದ ಹಾಗೆ ಕಾಣಬಹುದು, ಅಲ್ವಾ? ಅದಕ್ಕೆ ಕಾರಣ ಸೋಫಾದ ಫೋಟೊವನ್ನೇ ಬೇರೆ ದೂರದಿಂದ ತೆಗೆದಿರುವುದು. ಇದನ್ನೂ ಟೈಲ್‌ನಿಂದಲೇ ಹಿಡಿಯಬಹುದು. ನಮ್ಮ ಹಾಲ್‌ನಲ್ಲಿ ಮುಂದಿನ ಸಾಲಿನ ಟೈಲ್ 360, ಅದರ ಹಿಂದೆ 90 ಸೆಂ.ಮೀ. ದೂರದಲ್ಲಿ ಸುಮಾರು 305. ಹಿಂದಿನ ಅಗಲ ಮುಂದಿನದರ 85 ಶೇಕಡಾ. ಕ್ಯಾಟಲಾಗ್ ಫೋಟೊದಲ್ಲಿ ಸೋಫಾದ ಎರಡು ಕೈಗಳ ಹೊರ ಅಂಚುಗಳ ನಡುವೆ ಮುಂದೆ 1000, ಹಿಂದೆ 930 ಪಿಕ್ಸೆಲ್ ಬಂತು, ಅಂದರೆ 93 ಶೇಕಡಾ. ಆ ಫೋಟೊ ತೆಗೆದವರು ಇನ್ನೂ ತುಂಬಾ ದೂರ ನಿಂತು, ಜೂಮ್ ಮಾಡಿ ತೆಗೆದಿದ್ದಾರೆ.

ಇಲ್ಲಿ Perspective ಉಪಕರಣಕ್ಕೂ ಮಿತಿ ಇದೆ. ರತ್ನಗಂಬಳಿ, ಗೋಡೆಯ ಚಿತ್ರ, ಕಾರ್ಪೆಟ್ ಇಂಥ ಚಪ್ಪಟೆ ವಸ್ತುಗಳಿಗೆ ಅದು ಚೆನ್ನಾಗಿ ಒದಗುತ್ತದೆ. ನಾಲ್ಕು ಮೂಲೆಗಳನ್ನು ಟೈಲ್ ಗೆರೆಗಳಿಗೆ ತಾಗಿಸಿದರೆ ಮುಗಿಯಿತು. ಸೋಫಾ ಹಾಗಲ್ಲ. ಕೈ ಒಳಮುಖವಾಗಲಿ ಅಂತ ಮೇಲಿನ ಮೂಲೆಗಳನ್ನು ಒತ್ತಿದರೆ ಮುಂದಿನ ಕಾಲುಗಳೂ ವಾಲುತ್ತವೆ. ಫೋಟೊದಲ್ಲಿ ಕಾಣದ ಮಗ್ಗುಲನ್ನು ಯಾವ ಎಳೆತವೂ ತೋರಿಸಲಾರದು. ಎತ್ತರದ ವಸ್ತುಗಳಲ್ಲಿ ಇದು ತಕ್ಷಣ ಕಾಣುತ್ತದೆ: ಏಳಡಿ ವಾರ್ಡ್‌ರೋಬ್ 120 ಸೆಂ.ಮೀ. ಕ್ಯಾಮೆರಾಕ್ಕಿಂತ ಎತ್ತರ, ಅದರ ಮೇಲ್ಭಾಗ ಕಂಡರೆ ಆ ಫೋಟೊ ಆ ಕೋಣೆಗೆ ಹೊಂದುವುದೇ ಇಲ್ಲ.

ಅದಕ್ಕೇ ಮುಖ್ಯ ಆರ್ಡರ್‌ಗಳಿಗೆ ಸೋಫಾದ ಫೋಟೊವನ್ನು ಹೊಸದಾಗಿ ತೆಗೆಯುತ್ತೇನೆ. 85 ಶೇಕಡಾ ಬರಬೇಕಾದರೆ ಸೋಫಾದ ಮುಂಭಾಗ ಎಷ್ಟು ದೂರ ಇರಬೇಕು ಅಂತ ಲೆಕ್ಕ ಹಾಕುವುದು ಸುಲಭ: ಆಳ 90ನ್ನು 0.85ರಿಂದ ಗುಣಿಸಿ 0.15ರಿಂದ ಭಾಗಿಸಿದರೆ 510 ಸೆಂ.ಮೀ. ಟ್ರೈಪಾಡ್‌ನಲ್ಲಿ ಲೆನ್ಸ್ 120 ಸೆಂ.ಮೀ. ಎತ್ತರಕ್ಕೆ ಇಟ್ಟು, ಫೋನ್ ಬಾಗಿಸದೆ ನೆಟ್ಟಗೆ ಹಿಡಿಯುತ್ತೇನೆ. ಹಾಲ್ ಫೋಟೊದಲ್ಲಿ ಟೈಲ್ ಗೆರೆಗಳು ಸೇರುವ ಬಿಂದುವಿನ ಎಡಕ್ಕೆ ಸೋಫಾ ಬರುವುದಾದರೆ ಟ್ರೈಪಾಡನ್ನೂ ಅಷ್ಟೇ ಸೆಂಟಿಮೀಟರ್ ಸೋಫಾದ ನಡುವಿನಿಂದ ಬಲಕ್ಕೆ ಸರಿಸುತ್ತೇನೆ. ಆಗ ಗಿಂಪ್‌ನಲ್ಲಿ ಉಳಿಯುವುದು ಕತ್ತರಿಸುವುದು, ಹಿಗ್ಗಿಸುವುದು, ಕಾಲಿನ ಬುಡಕ್ಕೆ ನೆರಳು ಹಾಕುವುದು ಮಾತ್ರ. ಗಿರಾಕಿಗಳಿಗೂ ಈಗ ಮೊದಲೇ ಹೇಳಿಬಿಡುತ್ತೇನೆ: 0.5 ಜೂಮ್ ಬೇಡ, 1ರಲ್ಲೇ ತೆಗೆಯಿರಿ, ಫೋನ್ ಎದೆ ಮಟ್ಟಕ್ಕೆ ನೆಟ್ಟಗೆ ಹಿಡಿಯಿರಿ, ಬಾಗಿಲು ಪೂರ್ತಿ ಫೋಟೊದಲ್ಲಿ ಬರಲಿ.