ನಿಫ್ಟಿ ಸ್ಟ್ರಾಟಜಿ ಕೊಳ್ಳುವ ಮುಂಚೆ ಅವರ ಎಕ್ಸೆಲ್‌ನಲ್ಲಿ ಯೆಸ್ ಬ್ಯಾಂಕ್ ಹುಡುಕಿ

ಟೆಲಿಗ್ರಾಂನಲ್ಲಿ ಒಬ್ಬರು ಮಾರುತ್ತಿದ್ದ ಸ್ಟ್ರಾಟಜಿಗೆ ದುಡ್ಡು ಕಟ್ಟಿದ್ದೆ. ಇನ್ನು ಅದು ವಾಪಸ್ ಬರಲ್ಲ. ನಿಮ್ಮದಾದರೂ ಉಳಿಯಲಿ ಅಂತ ಬರೀತಿದ್ದೇನೆ.

ಅವರ ನಿಯಮ ಸರಳವಾಗಿತ್ತು. ಪ್ರತಿ ವರ್ಷ ಏಪ್ರಿಲ್‌ನ ಮೊದಲ ವಹಿವಾಟಿನ ದಿನ, ನಿಫ್ಟಿ 50ರಲ್ಲಿ ಪಿ/ಇ, ಅಂದರೆ ಬೆಲೆ ಪ್ರತಿ ಷೇರಿನ ಲಾಭದ ಎಷ್ಟು ಪಟ್ಟು ಅನ್ನೋ ಲೆಕ್ಕ, 20ಕ್ಕಿಂತ ಕಡಿಮೆ ಇರುವ ಷೇರುಗಳನ್ನೆಲ್ಲ ಸಮ ಮೊತ್ತಕ್ಕೆ ಕೊಂಡು, ಒಂದು ವರ್ಷ ಇಟ್ಟುಕೊಳ್ಳಬೇಕು. 2010ರಿಂದ ಬ್ಯಾಕ್‌ಟೆಸ್ಟ್ ಮಾಡಿದ, ಅಂದರೆ ಹಳೇ ಅಂಕಿಗಳ ಮೇಲೆ ಈ ನಿಯಮ ಓಡಿಸಿ ನೋಡಿದ ಎಕ್ಸೆಲ್ ಕೂಡ ಕೊಟ್ಟರು. ಗ್ರಾಫ್ ನೋಡಿದರೆ ಮೇಲಕ್ಕೇ ಏರುತ್ತೆ, ಬೀಳೋದೇ ಇಲ್ಲ.

2012ರ ಸಾಲಿನಲ್ಲಿ ಬಜಾಜ್ ಫೈನಾನ್ಸ್ ಇತ್ತು. ಅದು ನಿಫ್ಟಿಗೆ ಸೇರಿದ್ದೇ 2017ರ ಸೆಪ್ಟೆಂಬರ್‌ನಲ್ಲಿ, ಅದೂ ಹಲವು ಪಟ್ಟು ಏರಿದ ಮೇಲೆ! ಅಂದರೆ ಇವರು ಇವತ್ತಿನ 50 ಹೆಸರು ಹಿಡಿದು ಹಿಂದಕ್ಕೆ ಹೋಗಿದ್ದಾರೆ. ಗೆದ್ದು ಉಳಿದವರ ಪಟ್ಟಿ ಅದು, ಸೋತು ಹೊರಬಿದ್ದವರು ಅದರಲ್ಲಿ ಇರಲ್ಲ ಅಲ್ವಾ. 2015ರ ಮಾರ್ಚ್‌ನಿಂದ 2020ರ ಮಾರ್ಚ್‌ವರೆಗೆ ನಿಫ್ಟಿಯಲ್ಲೇ ಇದ್ದ ಯೆಸ್ ಬ್ಯಾಂಕ್ ಯಾವ ಸಾಲಿನಲ್ಲೂ ಕಾಣಲಿಲ್ಲ. ಇದಕ್ಕೇ ಸರ್ವೈವರ್‌ಶಿಪ್ ಬಯಾಸ್ ಅನ್ನೋದು.

ಕೇಳಿದ್ದಕ್ಕೆ ಆಯಾ ವರ್ಷದ ಪಟ್ಟಿ ಹಾಕಿ ಹೊಸ ಎಕ್ಸೆಲ್ ಕಳಿಸಿದರು. ಈಗ ಯೆಸ್ ಬ್ಯಾಂಕ್ 2018ರಲ್ಲಿ ಬಂತು, ಆದರೆ ಎಲ್ಲಕ್ಕಿಂತ ಜಾಸ್ತಿ ಪೆಟ್ಟು ಬೀಳಬೇಕಿದ್ದ 2019ರಲ್ಲಿ ಮಾತ್ರ ಮಾಯ. ಅಸಲಿ ಆಟ ಇರೋದು ಇಲ್ಲೇ.

2019ರ ಏಪ್ರಿಲ್ 1ಕ್ಕೆ ಷೇರಿನ ಬೆಲೆ ಸುಮಾರು 275 ರೂಪಾಯಿ. ಅಂದು ಎಲ್ಲರ ಕೈಯಲ್ಲಿದ್ದದ್ದು ಡಿಸೆಂಬರ್‌ವರೆಗಿನ ಲೆಕ್ಕ. ಹಿಂದಿನ ನಾಲ್ಕು ತ್ರೈಮಾಸಿಕ ಸೇರಿಸಿದರೆ ಸುಮಾರು 4,400 ಕೋಟಿ ಲಾಭ, ಪಿ/ಇ 14ರ ಆಸುಪಾಸು. ನಿಯಮದ ಪ್ರಕಾರ ಕೊಳ್ಳಲೇಬೇಕು. ಇವರ ಎಕ್ಸೆಲ್ ಮಾತ್ರ ಮಾರ್ಚ್ 31ಕ್ಕೆ ಮುಗಿದ ವರ್ಷದ ಲಾಭ, ಸುಮಾರು 1,720 ಕೋಟಿಯನ್ನು, ಮರುದಿನವೇ ಬಳಸಿತ್ತು. ಆಗ ಪಿ/ಇ 37 ಆಗಿ ಷೇರು ತಾನಾಗೇ ಹೊರಗೆ. ಆದರೆ ಕೊನೆಯ ತ್ರೈಮಾಸಿಕದ 1,500 ಕೋಟಿ ನಷ್ಟ ಹೊರಬಿದ್ದದ್ದು ಏಪ್ರಿಲ್ 26ರ ಶುಕ್ರವಾರ. ಮುಂದಿನ ವಹಿವಾಟಿನ ದಿನ, 30ರಂದು, ಷೇರು ಶೇ. 29ರಷ್ಟು ಕುಸಿಯಿತು. ಮುಂದಿನ ಮಾರ್ಚ್ ಕೊನೆಗೆ 25 ರೂಪಾಯಿಯೂ ಇರಲಿಲ್ಲ. ಏಪ್ರಿಲ್ 1ಕ್ಕೆ ಯಾರಿಗೂ ಗೊತ್ತಿರದಿದ್ದ ನಷ್ಟ ಎಕ್ಸೆಲ್‌ಗೆ ಗೊತ್ತಿತ್ತು. ಇದು ಲುಕ್-ಅಹೆಡ್ ಬಯಾಸ್. ಪಟ್ಟಿ ಸರಿಮಾಡಿದರೂ ಇದು ಹೋಗಲ್ಲ, ಬರೀ ರಿಟರ್ನ್ ನೋಡಿದರೆ ಗೊತ್ತೂ ಆಗಲ್ಲ.

ಇದನ್ನು ತೋರಿಸಿದ ಮೇಲೆ ನನ್ನನ್ನು ಗುಂಪಿನಿಂದ ತೆಗೆದುಹಾಕಿದರು.

ನೀವೇ ಪರೀಕ್ಷಿಸುವುದಾದರೆ ನಿಫ್ಟಿಗೆ ಯಾರು ಬಂದರು, ಯಾರು ಹೋದರು ಅನ್ನುವ ಹಳೇ ಪ್ರಕಟಣೆಗಳು ಎನ್‌ಎಸ್‌ಇ ಕಡೆಯಿಂದ ಸಿಗುತ್ತವೆ, ಅದರಿಂದ ಪಟ್ಟಿ ಕಟ್ಟಿಕೊಳ್ಳಿ. ಲಾಭದ ಅಂಕಿಗೆ ವರ್ಷ ಮುಗಿದ ದಿನಾಂಕ ಬೇಡ, ಫಲಿತಾಂಶ ಪ್ರಕಟವಾದ ದಿನಾಂಕ ಹಾಕಿ. ಅದು ಸಿಗದಿದ್ದರೆ ಖರೀದಿಯನ್ನು ಜೂನ್‌ಗೆ ತಳ್ಳಿ. ವಾರ್ಷಿಕ ಫಲಿತಾಂಶ ಕೊಡಲು ಸೆಬಿ ಕಂಪನಿಗಳಿಗೆ 60 ದಿನ ಕೊಡುತ್ತೆ, ಅಂದರೆ ಮೇ ಕೊನೆವರೆಗೆ. ನಾನು ಹೀಗೆ ಮಾಡಿ ನೋಡಿದಾಗ ಉಳಿದ ರಿಟರ್ನ್‌ಗೆ ಸುಮ್ನೆ ಇಂಡೆಕ್ಸ್ ಫಂಡ್ ಸಾಕಿತ್ತು.