ನೋಟಿಸಿನಲ್ಲಿ ಇಲ್ಲದ ಶಿಕ್ಷೆ ಆದೇಶದಲ್ಲಿ ಬಂದಾಗ: ಗುತ್ತಿಗೆದಾರರಿಗೆ ಒಂದು ಎಚ್ಚರಿಕೆ

ಬಾಗಲಕೋಟೆ, ಬೆಳಗಾವಿ, ವಿಜಯಪುರ ಜಿಲ್ಲೆಗಳಲ್ಲಿ ಸರ್ಕಾರಿ ಕಾಮಗಾರಿ ಹಿಡಿಯುವ ಸಣ್ಣ ಗುತ್ತಿಗೆದಾರರು ಇದನ್ನು ಓದಬೇಕೆಂಬ ಉದ್ದೇಶದಿಂದ ಬರೆಯುತ್ತಿದ್ದೇನೆ. ಇಲಾಖೆಯಿಂದ ಬರುವ ‘ಕಾರಣ ಕೇಳುವ ನೋಟಿಸ್’ ಮೇಲ್ನೋಟಕ್ಕೆ ವಿಳಂಬದ ಬಗ್ಗೆ ಮಾತ್ರ ಇದ್ದರೂ, ಅದರ ಹಿಂದೆಯೇ ಕಪ್ಪುಪಟ್ಟಿಯ ಆದೇಶ ಬರಬಹುದು. ನಮ್ಮ ಸಂಸ್ಥೆಗೆ ಆದದ್ದು ಅದೇ.

ಬೀಳಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸಿಮೆಂಟ್ ಕಾಂಕ್ರೀಟ್ ರಸ್ತೆ ಮತ್ತು ಪಕ್ಕದ ಗಟಾರ ನಿರ್ಮಿಸುವ ಕಾಮಗಾರಿ ನಮಗೆ ಸಿಕ್ಕಿತ್ತು. ಒಪ್ಪಂದದ ಅವಧಿ ಆರು ತಿಂಗಳು. ಊರಿನ ಒಳಭಾಗದಲ್ಲಿ ರಸ್ತೆಯ ಅಂಚಿಗೇ ವಿದ್ಯುತ್ ಕಂಬಗಳಿದ್ದವು. ಅವುಗಳನ್ನು ಸ್ಥಳಾಂತರಿಸಲು ಹಣ ಕಟ್ಟಿ ಜಾಗ ತೆರವು ಮಾಡಿಕೊಡುವುದು ಒಪ್ಪಂದದ ಪ್ರಕಾರ ಇಲಾಖೆಯ ಹೊಣೆಯಾಗಿತ್ತು. ಕಂಬಗಳಿಲ್ಲದ ಭಾಗವನ್ನು ಮುಗಿಸಿ ಮೊದಲ ಬಿಲ್ಲನ್ನೂ ಪಡೆದೆವು. ಉಳಿದ ಭಾಗಕ್ಕಾಗಿ ಪತ್ರ ಬರೆಯುತ್ತಲೇ ಇದ್ದೆವು, ಕಂಬಗಳು ಮಾತ್ರ ಅಲ್ಲೇ ನಿಂತಿದ್ದವು. ಅವಧಿ ಮುಗಿದ ಮೇಲೆ ನೋಟಿಸ್ ಬಂತು. ‘ಕಾಮಗಾರಿ ವಿಳಂಬವಾಗಿರುವುದು ಕಂಡುಬಂದಿದ್ದು, ಏಳು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು, ತಪ್ಪಿದಲ್ಲಿ ನಿಯಮಾನುಸಾರ ಕ್ರಮ ಜರುಗಿಸಲಾಗುವುದು’ ಎಂಬುದು ಅದರ ಸಾರ. ನಾವು ವಿಳಂಬದ ಕಾರಣವನ್ನು ವಿವರಿಸಿ, ಅವಧಿ ವಿಸ್ತರಣೆ ಕೋರಿ ಉತ್ತರಿಸಿದೆವು. ನೋಟಿಸಿನಲ್ಲಿ ಕೇಳಿದ್ದು ಅಷ್ಟೇ ಆಗಿತ್ತು.

ಇದಾದ ಮೇಲೆ ಬೆಳಗಾವಿಯಲ್ಲಿ ಬೇರೊಂದು ಇಲಾಖೆಗೆ ಸಲ್ಲಿಸಿದ್ದ ನಮ್ಮ ಟೆಂಡರ್ ತಾಂತ್ರಿಕ ಹಂತದಲ್ಲೇ ತಿರಸ್ಕೃತವಾಯಿತು. ವಿಚಾರಿಸಿದಾಗ ನಮ್ಮ ಸಂಸ್ಥೆ ಕಪ್ಪುಪಟ್ಟಿಯಲ್ಲಿದೆ ಎಂಬ ಉತ್ತರ ಬಂತು. ಆದೇಶದ ಪ್ರತಿಯನ್ನು ನಾವು ಕೇಳಿ ಪಡೆಯಬೇಕಾಯಿತು. ಅದು ಒಂದೇ ಪುಟದ್ದು. ಗುತ್ತಿಗೆ ರದ್ದು, ಭದ್ರತಾ ಠೇವಣಿ ಮುಟ್ಟುಗೋಲು ಎಂದು ಬರೆದ ಮೇಲೆ ಕೊನೆಯ ಸಾಲಿನಲ್ಲಿ ‘ಸದರಿ ಸಂಸ್ಥೆಯನ್ನು ಕಪ್ಪುಪಟ್ಟಿಗೆ ಸೇರಿಸಿ ಆದೇಶಿಸಿದೆ’ ಎಂದಿತ್ತು. ಎಷ್ಟು ವರ್ಷಕ್ಕೆ ಎಂಬುದಿಲ್ಲ. ನಮ್ಮ ಉತ್ತರದ ಬಗ್ಗೆ ‘ಸಮಾಧಾನಕರವಾಗಿರುವುದಿಲ್ಲ’ ಎಂಬ ಒಂದು ಪದದ ಹೊರತು ಏನೂ ಇಲ್ಲ; ಕಂಬಗಳ ಪ್ರಸ್ತಾಪವೇ ಇಲ್ಲ. ಅದರ ಪ್ರತಿಗಳು ಮಾತ್ರ ಇತರ ಇಲಾಖೆಗಳಿಗೆ ಹೋಗಿದ್ದವು.

ಧಾರವಾಡದ ನ್ಯಾಯವಾದಿಗಳು ಎರಡೂ ಕಾಗದಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಓದಿದರು. “ಆದೇಶದಾಗ ಕಪ್ಪುಪಟ್ಟಿ ಅಂತೈತ್ರಿ, ನೋಟಿಸಿನ್ಯಾಗ ಆ ಮಾತs ಇಲ್ಲಲ್ರಿ” ಎಂದರು. ಇಡೀ ಪ್ರಕರಣ ನಿಂತದ್ದು ಆ ಒಂದು ಅಂಶದ ಮೇಲೆ.

ಕಪ್ಪುಪಟ್ಟಿಗೆ ಸೇರಿಸುವ ಮುನ್ನ ಅಹವಾಲು ಕೇಳಬೇಕು ಎಂಬುದನ್ನು ಸುಪ್ರೀಂ ಕೋರ್ಟ್ 1974ರ ಎರೂಸಿಯನ್ ಇಕ್ವಿಪ್‌ಮೆಂಟ್ ಪ್ರಕರಣದಲ್ಲೇ ಹೇಳಿದೆ. ನಮಗೆ ನೇರವಾಗಿ ನೆರವಾದದ್ದು 2014ರ ಗೂರ್ಖಾ ಸೆಕ್ಯುರಿಟಿ ಸರ್ವಿಸಸ್ ತೀರ್ಪು. ಟೆಂಡರ್ ಷರತ್ತಿನಲ್ಲಿ ಕಪ್ಪುಪಟ್ಟಿಗೆ ಸೇರಿಸುವ ಅಧಿಕಾರವಿದೆ ಎಂದ ಮಾತ್ರಕ್ಕೆ ಸಾಲದು. ಒಪ್ಪಂದದಲ್ಲಿ ಹಲವು ಬಗೆಯ ಕ್ರಮಗಳಿಗೆ ಅವಕಾಶವಿರುವಾಗ, ಕಪ್ಪುಪಟ್ಟಿಗೆ ಸೇರಿಸುವ ಉದ್ದೇಶವಿದೆ ಎಂಬುದು ನೋಟಿಸಿನಲ್ಲಿ ಸ್ಪಷ್ಟವಾಗಿ ಇರಬೇಕು, ಅಥವಾ ನೋಟಿಸನ್ನು ಓದಿದವರಿಗೆ ಅದು ನಿಸ್ಸಂದೇಹವಾಗಿ ತಿಳಿಯುವಂತಿರಬೇಕು ಎಂದು ಅಲ್ಲಿ ಹೇಳಲಾಗಿದೆ. 2020ರಲ್ಲಿ ಯುಎಂಸಿ ಟೆಕ್ನಾಲಜೀಸ್ ಪ್ರಕರಣದಲ್ಲಿ ಭಾರತೀಯ ಆಹಾರ ನಿಗಮದ ಐದು ವರ್ಷಗಳ ನಿಷೇಧ ಬಿದ್ದುಹೋದದ್ದೂ ಇದೇ ಕಾರಣಕ್ಕೆ. ಇದು ಬರೀ ತಾಂತ್ರಿಕ ಲೋಪವೆಂದು ಯಾರೂ ತಳ್ಳಿಹಾಕಬಾರದು. ದಂಡ ಹಾಕುತ್ತಾರೆಂದು ತಿಳಿದವನು ದಂಡಕ್ಕೆ ತಕ್ಕ ಉತ್ತರ ಕೊಡುತ್ತಾನೆ. ಬದುಕಿನ ದಾರಿಯೇ ಮುಚ್ಚುತ್ತದೆಂದು ತಿಳಿದವನು ತನ್ನ ಹಿಂದಿನ ಕಾಮಗಾರಿಗಳ ದಾಖಲೆ, ಅಳತೆ ಪುಸ್ತಕದ ನಮೂದುಗಳು, ಇಲಾಖೆಯದೇ ಪತ್ರಗಳು ಎಲ್ಲವನ್ನೂ ಮುಂದಿಟ್ಟು, ಖುದ್ದಾಗಿ ಹಾಜರಾಗಿ ಹೇಳಿಕೊಳ್ಳುತ್ತಾನೆ.

ಎರಡನೆಯ ವಿಷಯ ಶಿಕ್ಷೆಯ ಪ್ರಮಾಣ. 2013ರ ಕುಲ್ಜಾ ಇಂಡಸ್ಟ್ರೀಸ್ ಪ್ರಕರಣದಲ್ಲಿ, ಕಪ್ಪುಪಟ್ಟಿಯ ಅವಧಿ ತಪ್ಪಿನ ಗಾತ್ರಕ್ಕೆ ತಕ್ಕಂತಿರಬೇಕು, ಅದು ಶಾಶ್ವತವಾಗಿರಲಾಗದು ಎಂಬುದನ್ನು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಭುವನೇಶ್ವರದಲ್ಲಿ ಕಟ್ಟುತ್ತಿದ್ದ ಮೇಲ್ಸೇತುವೆಯ ಭಾಗ ಕುಸಿದು ಒಬ್ಬರು ಸತ್ತು ಹಲವರು ಗಾಯಗೊಂಡ ಪ್ರಕರಣದಲ್ಲಿ ಒಡಿಶಾ ಸರ್ಕಾರ ಗುತ್ತಿಗೆ ಸಂಸ್ಥೆಯನ್ನು ಶಾಶ್ವತವಾಗಿ ನಿಷೇಧಿಸಿತ್ತು. ಕಪ್ಪುಪಟ್ಟಿಗೆ ಸೇರಿಸಿದ್ದು ಸರಿಯೆಂದು 2022ರಲ್ಲಿ ಎತ್ತಿಹಿಡಿದ ಸುಪ್ರೀಂ ಕೋರ್ಟ್, ಅವಧಿಯನ್ನು ಮಾತ್ರ ಐದು ವರ್ಷಕ್ಕೆ ಇಳಿಸಿತು. ಜೀವಹಾನಿಯಾದ ಕುಸಿತಕ್ಕೇ ಐದು ವರ್ಷವೆಂದಾದರೆ, ತೆರವಾಗದ ಕಂಬಗಳಿಂದ ನಿಂತ ಗಟಾರಕ್ಕೆ ಅವಧಿಯೇ ಇಲ್ಲದ ನಿಷೇಧ ಯಾವ ಲೆಕ್ಕದಲ್ಲಿ ಹೊಂದುತ್ತದೆ? ಕಳಪೆ ಕಾಮಗಾರಿ ಮಾಡಿ ಜನರ ಪ್ರಾಣಕ್ಕೆ ಕುತ್ತು ತರುವವರನ್ನು, ನಕಲಿ ದಾಖಲೆ ಕೊಟ್ಟು ಟೆಂಡರ್ ಹಿಡಿಯುವವರನ್ನು ಹೊರಗಿಡಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಯಾರದು ತಪ್ಪು ಎಂಬುದೇ ಇತ್ಯರ್ಥವಾಗದ ಸಾಮಾನ್ಯ ಒಪ್ಪಂದದ ತಕರಾರಿಗೆ ಈ ಅಸ್ತ್ರವನ್ನು ಬಳಸಬಾರದೆಂದು 2024ರ ಬ್ಲೂ ಡ್ರೀಮ್ಸ್ ಅಡ್ವರ್ಟೈಸಿಂಗ್ ಪ್ರಕರಣದಲ್ಲೂ ಹೇಳಲಾಗಿದೆ.

ಹೈಕೋರ್ಟಿನ ಧಾರವಾಡ ಪೀಠದಲ್ಲಿ ರಿಟ್ ಅರ್ಜಿ ಹಾಕಿದೆವು. (ವಿಜಯಪುರ ಜಿಲ್ಲೆಯವರು ಕಲಬುರಗಿ ಪೀಠಕ್ಕೆ ಹೋಗಬೇಕು, ಬಾಗಲಕೋಟೆ, ಬೆಳಗಾವಿಯವರಿಗೆ ಧಾರವಾಡ.) ಕಪ್ಪುಪಟ್ಟಿಯ ಭಾಗ ರದ್ದಾಯಿತು. ಆದರೆ ಇಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ: ನೋಟಿಸಿನ ದೋಷಕ್ಕಾಗಿ ಆದೇಶ ರದ್ದಾದರೆ ನಾವು ನಿರ್ದೋಷಿಗಳೆಂದು ತೀರ್ಪು ಬಂದಂತಲ್ಲ. ಸರಿಯಾದ ನೋಟಿಸ್ ಕೊಟ್ಟು ಮತ್ತೆ ವಿಚಾರಣೆ ನಡೆಸಲು ಇಲಾಖೆಗೆ ಅವಕಾಶವನ್ನು ಸಾಮಾನ್ಯವಾಗಿ ಉಳಿಸಿಯೇ ಇಡಲಾಗುತ್ತದೆ, ನಮ್ಮಲ್ಲೂ ಹಾಗೆಯೇ ಆಯಿತು. ಠೇವಣಿ ಮತ್ತು ಗುತ್ತಿಗೆ ರದ್ದತಿಯ ತಕರಾರನ್ನು ಬೇರೆ ದಾರಿಯಲ್ಲಿ ಇತ್ಯರ್ಥಪಡಿಸಿಕೊಳ್ಳಲು ಹೇಳಿದರು. ಅದು ಇನ್ನೂ ನಡೆದಿದೆ. ನಡುವೆ ಕೈತಪ್ಪಿದ ಟೆಂಡರುಗಳು ತಿರುಗಿ ಬರಲಿಲ್ಲ.

ಎರಡನೆಯ ನೋಟಿಸಿನಲ್ಲಿ ಮೂರು ವರ್ಷ ನಿಷೇಧಿಸುವ ಪ್ರಸ್ತಾವವಿದೆ ಎಂದು ಸ್ಪಷ್ಟವಾಗಿ ಬರೆದಿದ್ದರು. ಈ ಬಾರಿ ನಮ್ಮನ್ನು ಉಳಿಸಿದ್ದು ಕಂಬ ತೆರವಿಗಾಗಿ ಬರೆದ ಪತ್ರಗಳ ಮೇಲಿದ್ದ ಇಲಾಖೆಯ ಸ್ವೀಕೃತಿ ಮುದ್ರೆ. ಮುದ್ರೆಯ ದಿನಾಂಕಗಳೆಲ್ಲ ಒಪ್ಪಂದದ ಅವಧಿಯೊಳಗೇ ಇದ್ದವು. ವಿಚಾರಣೆಯ ನಂತರ ನಿಷೇಧದ ಪ್ರಸ್ತಾವ ಕೈಬಿಟ್ಟರು. ಕಂಬಗಳಿಲ್ಲದ ಭಾಗದಲ್ಲಿ ಆಗಿದ್ದ ಅಲ್ಪ ವಿಳಂಬಕ್ಕೆ ದಂಡ ಹಾಕಿದರು, ಅದನ್ನು ಕಟ್ಟಿದೆವು.

ಆದ್ದರಿಂದ ‘ನಿಯಮಾನುಸಾರ ಕ್ರಮ’ ಎಂಬ ಸಾಲಿರುವ ನೋಟಿಸ್ ಬಂದರೆ, ಕೇಳಿದ ಪ್ರಶ್ನೆಗೆ ಉತ್ತರಿಸುವುದರ ಜೊತೆಗೆ, ಯಾವ ಕ್ರಮ ಉದ್ದೇಶಿಸಿದ್ದೀರಿ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದೂ, ಆಧರಿಸಿರುವ ವರದಿಗಳ ಪ್ರತಿ ಕೊಡಬೇಕೆಂದೂ, ಖುದ್ದು ಅಹವಾಲಿಗೆ ಅವಕಾಶ ಬೇಕೆಂದೂ ಅದೇ ಪತ್ರದಲ್ಲಿ ಕೇಳಿರಿ. ಕಚೇರಿಯಲ್ಲಿ ಬಾಯಿಮಾತಿನ ಭರವಸೆ ಸಿಕ್ಕರೂ ಪತ್ರಕ್ಕೆ ಮುದ್ರೆ ಹಾಕಿಸಿಕೊಳ್ಳದೆ ಹೊರಬರಬೇಡಿರಿ.

ಆದೇಶ ರದ್ದಾದ ಮೇಲೂ ಒಂದು ಅಪಾಯ ಉಳಿದಿರುತ್ತದೆ. ಟೆಂಡರಿನ ಜೊತೆ ಸಲ್ಲಿಸುವ ಪ್ರಮಾಣಪತ್ರದ ಮಾತುಗಳು ಒಂದೊಂದು ಇಲಾಖೆಯಲ್ಲಿ ಒಂದೊಂದು ತೆರನಾಗಿರುತ್ತವೆ. ‘ಪ್ರಸ್ತುತ ಕಪ್ಪುಪಟ್ಟಿಯಲ್ಲಿ ಇಲ್ಲ’ ಎಂದಷ್ಟೇ ಕೇಳಿದ್ದರೆ ನೇರವಾಗಿ ಸಹಿ ಮಾಡಬಹುದು. ‘ಹಿಂದೆ ಎಂದಾದರೂ ಸೇರಿಸಲಾಗಿತ್ತೇ’ ಎಂದು ಕೇಳಿದ್ದರೆ, ಸೇರಿಸಿದ್ದನ್ನೂ ಅದು ರದ್ದಾದದ್ದನ್ನೂ ಬರೆದು ಹೈಕೋರ್ಟ್ ಆದೇಶದ ಪ್ರತಿಯನ್ನು ಲಗತ್ತಿಸಬೇಕು. ಮುಚ್ಚಿಟ್ಟರೆ ಸುಳ್ಳು ಪ್ರಮಾಣಪತ್ರದ ಆರೋಪದ ಮೇಲೆ ಮತ್ತೊಂದು ನೋಟಿಸ್ ಬರುತ್ತದೆ, ಮತ್ತು ಆಗ ಹೇಳಿಕೊಳ್ಳಲು ಕಂಬಗಳಂಥ ಕಾರಣ ಯಾವುದೂ ಇರುವುದಿಲ್ಲ.